ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ: ಕ್ರಾಲರ್‌ನ ಸರದಿ ಮತ್ತು ಟೋಕನ್ ಬಕೆಟ್

ಚಿಕ್ಕಮಗಳೂರಿನ ಕಾಲೇಜೊಂದರಲ್ಲಿ ಕಂಪ್ಯೂಟರ್ ವಿಭಾಗದ ವಿದ್ಯಾರ್ಥಿಗಳಿಗೂ, ಮೆಣಸು ಮತ್ತು ಅಡಿಕೆಯ ಹಳೆಯ ದರಗಳನ್ನು ಕೂಡಿಸಿಡುವ ಕೆಲಸದಲ್ಲಿ ಜೊತೆಗಿರುವ ಗೆಳೆಯರಿಗೂ ಮಾಡಿದ ಉಪನ್ಯಾಸದ ಬರಹ ರೂಪ ಇದು. ಅಂದು ಹಲಗೆಯ ಮೇಲೆ ಬರೆದು ತೋರಿಸಿದ ಲೆಕ್ಕಗಳನ್ನು ಇಲ್ಲಿ ವಾಕ್ಯಗಳಲ್ಲಿ ಬಿಡಿಸಿ ಹೇಳಿದ್ದೇನೆ.

ಒಂದು ಲೆಕ್ಕದಿಂದಲೇ ಆರಂಭಿಸುತ್ತೇನೆ. ನಮಗೆ ಬೇಕಾಗಿದ್ದುದು ಒಂದು ಸಾರ್ವಜನಿಕ ಜಾಲತಾಣದಲ್ಲಿದ್ದ 14,400 ಪುಟಗಳು. ಒಂದೊಂದು ಪುಟದಲ್ಲೂ ಒಂದು ಮಾರುಕಟ್ಟೆಯ ಒಂದು ದಿನದ ದರಪಟ್ಟಿ ಇತ್ತು. ಆ ಸರ್ವರ್ ದೊಡ್ಡದಲ್ಲ, ಹಗಲಿನಲ್ಲಿ ಅದನ್ನೇ ನಂಬಿಕೊಂಡು ದರ ನೋಡುವ ರೈತರೂ ವ್ಯಾಪಾರಿಗಳೂ ಇದ್ದಾರೆ. ಆದ್ದರಿಂದ ರಾತ್ರಿ ಹತ್ತು ಗಂಟೆಗೆ ಆರಂಭಿಸಿ, ಎರಡು ಸೆಕೆಂಡಿಗೆ ಒಂದು ಪುಟದಂತೆ ತೆಗೆದುಕೊಳ್ಳುವುದೆಂದು ತೀರ್ಮಾನಿಸಿದೆವು. 14,400 ಪುಟಗಳಿಗೆ 28,800 ಸೆಕೆಂಡು, ಅಂದರೆ ಸರಿಯಾಗಿ ಎಂಟು ಗಂಟೆ. ಬೆಳಿಗ್ಗೆ ಆರಕ್ಕೆ ಕೆಲಸ ಮುಗಿಯಬೇಕಿತ್ತು. ಹೀಗೆ ಪುಟಗಳನ್ನು ಒಂದೊಂದಾಗಿ ತಾನೇ ಕೇಳಿ ತರುವ ಪ್ರೋಗ್ರಾಮನ್ನು ಕ್ರಾಲರ್ ಎನ್ನುತ್ತಾರೆ. ನಾನು ಆಗ ಬರೆದ ಪ್ರೋಗ್ರಾಮಿನ ತಿರುಳು ಇಷ್ಟೇ:

```python
for url in urls:
    page = fetch(url)
    save(page)
    time.sleep(2)
```

ಕೆಲಸ ಆರಕ್ಕೆ ಮುಗಿಯಲಿಲ್ಲ. ಬೆಳಿಗ್ಗೆ ಹನ್ನೊಂದಾದರೂ ಓಡುತ್ತಲೇ ಇತ್ತು. ಪುಟ ಬರುವುದಕ್ಕೆ ಸರಾಸರಿ ಮುಕ್ಕಾಲು ಸೆಕೆಂಡು, ಅದರೊಳಗಿನ ಕೋಷ್ಟಕವನ್ನು ಬಿಡಿಸಿ ಉಳಿಸುವುದಕ್ಕೆ ಅರ್ಧ ಸೆಕೆಂಡು, ಅದೆಲ್ಲ ಮುಗಿದ ಮೇಲೆ ಎರಡು ಸೆಕೆಂಡಿನ ನಿದ್ದೆ. ಹೀಗೆ ಎರಡು ವಿನಂತಿಗಳ ನಡುವಿನ ಅಂತರ ಎರಡು ಸೆಕೆಂಡಾಗದೆ ಮೂರೂಕಾಲು ಸೆಕೆಂಡಾಗಿ, ಒಟ್ಟು 46,800 ಸೆಕೆಂಡು, ಅಂದರೆ ಹದಿಮೂರು ಗಂಟೆ ಹಿಡಿಯಿತು. ನಿಧಾನವಾಗಿ ಹೋದರೆ ಸರ್ವರಿಗೆ ಒಳ್ಳೆಯದೇ ತಾನೇ ಎಂದು ಆಗ ನನ್ನನ್ನೇ ನಾನು ಸಮಾಧಾನಪಡಿಸಿಕೊಂಡಿದ್ದೆ. ಅದು ತಪ್ಪು. ಯಾರೂ ಬಳಸದ ನಡುರಾತ್ರಿಯಲ್ಲಿ ನಮ್ಮ ಪ್ರೋಗ್ರಾಮು ಸುಮ್ಮನೆ ಮಲಗಿತ್ತು. ಜನ ದರ ನೋಡಲು ಬರುವ ಹೊತ್ತಿಗೆ ಇನ್ನೂ ಕೇಳುತ್ತಾ ನಿಂತಿತ್ತು. ಈ ಐದು ಗಂಟೆಯ ಅನವಶ್ಯಕ ನಿಧಾನದಿಂದ ಯಾರಿಗೂ ಉಪಕಾರವಾಗಲಿಲ್ಲ.

ತಪ್ಪಿನ ಮೂಲ ಎಲ್ಲಿದೆಯೆಂದರೆ, sleep(2) ಎನ್ನುವುದು ನಮ್ಮ ಕೆಲಸ ಮುಗಿದ ಕ್ಷಣದಿಂದ ಎಣಿಸುತ್ತದೆ. ಸರ್ವರಿಗೆ ಮುಖ್ಯವಾಗುವುದು ಒಂದು ವಿನಂತಿಯ ಆರಂಭಕ್ಕೂ ಮುಂದಿನದರ ಆರಂಭಕ್ಕೂ ನಡುವಿನ ಅಂತರ. ಪುಟ ಬಿಡಿಸಲು ನಾವು ಕಳೆದ ಅರ್ಧ ಸೆಕೆಂಡಿನಲ್ಲಿ ಸರ್ವರ್ ಆಗಲೇ ವಿಶ್ರಾಂತಿ ಪಡೆದಿರುತ್ತದೆ. ಆ ಸಮಯವನ್ನು ಲೆಕ್ಕಕ್ಕೆ ಹಿಡಿಯಬೇಕು. ಟೋಕನ್ ಬಕೆಟ್ ಮಾಡುವುದು ಇದನ್ನೇ.

ಮಲೆನಾಡಿನವರಿಗೆ ಇದನ್ನು ವಿವರಿಸುವುದು ಸುಲಭ. ಗುಡ್ಡದ ಒರತೆಯಿಂದ ಸಣ್ಣ ಪೈಪಿನಲ್ಲಿ ಹಿತ್ತಲಿನ ತೊಟ್ಟಿಗೆ ನೀರು ಬೀಳುತ್ತಿರುತ್ತದೆ. ನೀವು ಮನೆಯಲ್ಲಿದ್ದರೂ ತೋಟಕ್ಕೆ ಹೋಗಿದ್ದರೂ ನೀರು ಬೀಳುವ ವೇಗ ಒಂದೇ. ಒಂದು ಬಿಂದಿಗೆ ತುಂಬುವಷ್ಟು ನೀರಿದ್ದರೆ ಕೂಡಲೇ ಮೊಗೆದುಕೊಳ್ಳಬಹುದು, ಇಲ್ಲದಿದ್ದರೆ ಆಗುವವರೆಗೆ ಕಾಯಬೇಕು, ಮತ್ತು ತೊಟ್ಟಿ ತುಂಬಿದ ಮೇಲೆ ಬಿದ್ದ ನೀರು ಹರಿದುಹೋಗುತ್ತದೆ. ಬಿಂದಿಗೆಯೇ ಟೋಕನ್, ಒಂದು ಟೋಕನ್ ಇದ್ದರೆ ಒಂದು ವಿನಂತಿ ಕಳುಹಿಸಬಹುದು. ಹೊಂದಿಸಬೇಕಾದ ಸಂಖ್ಯೆಗಳು ಎರಡೇ: ತುಂಬುವ ದರ ಮತ್ತು ತೊಟ್ಟಿಯ ಗಾತ್ರ. ನಮ್ಮ ಸಂದರ್ಭದಲ್ಲಿ ದರ ಸೆಕೆಂಡಿಗೆ 0.5, ಗಾತ್ರ 3. ಹತ್ತು ಸೆಕೆಂಡಿನ ಯಾವುದೇ ತುಣುಕನ್ನು ತೆಗೆದುಕೊಂಡರೂ, ತೊಟ್ಟಿಯಲ್ಲಿ ಮೊದಲೇ ಇದ್ದ ಮೂರು ಮತ್ತು ಆ ಹೊತ್ತಿನಲ್ಲಿ ಬಿದ್ದ ಐದು ಸೇರಿ ಎಂಟಕ್ಕಿಂತ ಹೆಚ್ಚು ಟೋಕನ್ ಸಿಗುವುದಿಲ್ಲ. ಒಂದು ಗಂಟೆಗೆ 1,803ಕ್ಕಿಂತ ಹೆಚ್ಚು ಸಿಗುವುದಿಲ್ಲ. ನಿದ್ದೆ ಮಾಡಿಸುವ ಪ್ರೋಗ್ರಾಮಿನಲ್ಲೂ ದರ ಮೀರುವುದಿಲ್ಲ, ಆದರೆ ಗಂಟೆಗೆ ನಿಜವಾಗಿ ಎಷ್ಟು ಪುಟ ಬರುತ್ತವೆ ಎಂದು ಹೇಳುವುದಕ್ಕೆ ನಿಮ್ಮ ಮತ್ತು ಸರ್ವರಿನ ವೇಗ ಎರಡೂ ಗೊತ್ತಿರಬೇಕಾಗುತ್ತದೆ.

ಟೋಕನ್ ಹಾಕುತ್ತಾ ಕೂರಲು ಪ್ರತ್ಯೇಕ ಥ್ರೆಡ್ ಬೇಕೆಂದು ಹಲವರು ತಿಳಿದಿರುತ್ತಾರೆ. ಬೇಕಿಲ್ಲ. ಕೇಳುವ ಕ್ಷಣದಲ್ಲಿ, ಕಳೆದ ಬಾರಿ ನೋಡಿದಾಗಿನಿಂದ ಎಷ್ಟು ಹೊತ್ತಾಯಿತು ಎಂದು ಲೆಕ್ಕ ಹಾಕಿ, ಅಷ್ಟು ಟೋಕನ್ ಬಿದ್ದಿದೆ ಎಂದು ಹಿಡಿದರೆ ಸಾಕು.

```python
class Bucket:
    def __init__(self, rate, cap):
        self.rate, self.cap = rate, cap
        self.tokens = 0.0
        self.last = time.monotonic()
        self.lock = threading.Lock()

    def reserve(self):
        with self.lock:
            now = time.monotonic()
            self.tokens += (now - self.last) * self.rate
            self.tokens = min(self.cap, self.tokens) - 1
            self.last = now
            return max(0.0, -self.tokens / self.rate)
```

ಇದರಲ್ಲಿ ಮೂರು ಕಡೆ ಕಣ್ಣಿಡಬೇಕು. ಟೋಕನ್ ಇಲ್ಲದಿದ್ದರೂ ಇದು ಒಂದನ್ನು ಕಳೆದು, ಸಾಲದ ಲೆಕ್ಕ ಬರೆದುಕೊಂಡು, ಎಷ್ಟು ಸೆಕೆಂಡು ಕಾಯಬೇಕೆಂದು ಹೇಳುತ್ತದೆ; ಕಾಯುವ ಕೆಲಸ ಬೀಗದ ಹೊರಗೆ ನಡೆಯುತ್ತದೆ. ಬೀಗ ಹಿಡಿದುಕೊಂಡೇ ಮಲಗಿದರೆ ಉಳಿದ ಥ್ರೆಡ್‌ಗಳು ತಮ್ಮ ಸರದಿ ಎಷ್ಟು ದೂರವಿದೆ ಎಂದು ಕೇಳುವುದಕ್ಕೂ ಆಗದೆ ಬಾಗಿಲಲ್ಲಿ ನಿಲ್ಲುತ್ತವೆ. ಎರಡನೆಯದು, time.time() ಬಳಸದೆ time.monotonic() ಬಳಸಿರುವುದು. ಯಂತ್ರದ ಗಡಿಯಾರವನ್ನು ಯಾರಾದರೂ ಸರಿಪಡಿಸಿದಾಗ ಮೊದಲನೆಯದು ಮುಂದಕ್ಕೋ ಹಿಂದಕ್ಕೋ ಜಿಗಿಯಬಹುದು. ಮುಂದಕ್ಕೆ ಜಿಗಿದರೆ ತೊಟ್ಟಿ ಇದ್ದಕ್ಕಿದ್ದಂತೆ ತುಂಬುತ್ತದೆ, ಹಿಂದಕ್ಕೆ ಜಿಗಿದರೆ ಕ್ರಾಲರ್ ಕಾರಣವಿಲ್ಲದೆ ನಿಂತುಬಿಡುತ್ತದೆ. ಮೂರನೆಯದು ನನಗೆ ಮಳೆಗಾಲ ಕಲಿಸಿದ್ದು: ತೊಟ್ಟಿ ಆರಂಭದಲ್ಲಿ ಖಾಲಿ ಇರಬೇಕು. ನಾನು ಮೊದಲು ಗಾತ್ರವನ್ನು ಹತ್ತಾಗಿಟ್ಟು, ತುಂಬಿದ ತೊಟ್ಟಿಯಿಂದಲೇ ಆರಂಭಿಸುತ್ತಿದ್ದೆ. ಜುಲೈ ತಿಂಗಳ ರಾತ್ರಿಗಳಲ್ಲಿ ನಮ್ಮ ಕಡೆ ಕರೆಂಟು ಹೋಗಿ ಬರುತ್ತಲೇ ಇರುತ್ತದೆ; ನನ್ನ ಯುಪಿಎಸ್ ಬ್ಯಾಟರಿ ಸತ್ತಿತ್ತು. ಕರೆಂಟು ಬಂದಾಗಲೆಲ್ಲ ಯಂತ್ರ ತಾನಾಗಿ ಎದ್ದು, ಕ್ರಾಲರ್ ತಾನಾಗಿ ಆರಂಭವಾಗಿ, ಹತ್ತು ಟೋಕನ್‌ಗಳ ಹೊಸ ತೊಟ್ಟಿಯೊಂದಿಗೆ ಹತ್ತು ವಿನಂತಿಗಳನ್ನು ಬಿಡುವಿಲ್ಲದೆ ಕಳುಹಿಸುತ್ತಿತ್ತು. ಬೆಳಿಗ್ಗೆ ದಾಖಲೆ ನೋಡಿದಾಗ, ದರ ಮೀರಿದ ಪ್ರತಿಯೊಂದು ಗುಂಪೂ ಒಂದೊಂದು ಮರು ಆರಂಭದ ಹಿಂದೆಯೇ ಇತ್ತು.

ಈಗ ಯಾದೃಚ್ಛಿಕ ವಿಳಂಬ, ಅಂದರೆ ಜಿಟರ್‌ನ ವಿಚಾರ. ಅದು ಏಕೆ ಬೇಕೆಂಬುದನ್ನು ಬಿಡಿಸಿ ಹೇಳಬೇಕು, ಏಕೆಂದರೆ ಇಲ್ಲಿ ತಪ್ಪು ತಿಳಿವಳಿಕೆ ಬಹಳ ಇದೆ. ಕ್ರಾಲರನ್ನು ಮನುಷ್ಯನಂತೆ ಕಾಣಿಸುವುದಕ್ಕಾಗಿ ಜಿಟರ್ ಹಾಕುತ್ತಾರೆಂದು ಕೆಲವರು ಭಾವಿಸುತ್ತಾರೆ. ಮರೆಮಾಚುವುದು ನಮ್ಮ ಉದ್ದೇಶವಾಗಬಾರದು. ನಮ್ಮ ಕ್ರಾಲರ್ ತನ್ನ ಹೆಸರನ್ನೂ ನಮ್ಮನ್ನು ಸಂಪರ್ಕಿಸುವ ವಿಳಾಸವನ್ನೂ User-Agent ಸಾಲಿನಲ್ಲಿ ಹೇಳಿಕೊಂಡೇ ಹೋಗುತ್ತದೆ. ಜಿಟರ್‌ನ ಕೆಲಸ ಬೇರೆ. ಒಂದೇ ಗಳಿಗೆಯಲ್ಲಿ ಹಲವರು ಬಾಗಿಲು ತಟ್ಟದಂತೆ ಮಾಡುವುದು ಅದರ ಕೆಲಸ.

ಮುಂದಿನ ಸುತ್ತಿನಲ್ಲಿ ನಾವು ನಾಲ್ವರು ಕೆಲಸ ಹಂಚಿಕೊಂಡೆವು. ಮೂಡಿಗೆರೆ, ಕೊಪ್ಪ, ಶೃಂಗೇರಿ, ಕಡೂರುಗಳಲ್ಲಿ ಒಂದೊಂದು ಯಂತ್ರ, ಒಂದೊಂದಕ್ಕೆ 3,600 ಪುಟ. ಎಲ್ಲರ ಕ್ರಾನ್ ಕಡತದಲ್ಲೂ ರಾತ್ರಿ ಹತ್ತು ಗಂಟೆ ಎಂದೇ ಬರೆದಿತ್ತು, ಮತ್ತು ಎಲ್ಲ ಯಂತ್ರಗಳ ಗಡಿಯಾರಗಳೂ ಅಂತರ್ಜಾಲದಿಂದ ಸಮಯ ಸರಿಹೊಂದಿಸಿಕೊಳ್ಳುತ್ತಿದ್ದವು. ಹಾಗಾಗಿ ನಾಲ್ಕೂ ಒಂದೇ ಸೆಕೆಂಡಿನಲ್ಲಿ ಎದ್ದು, ಎರಡೆರಡು ಸೆಕೆಂಡಿಗೊಮ್ಮೆ ಒಟ್ಟಿಗೇ ಕೇಳತೊಡಗಿದವು. ನಾಲ್ಕರ ದಾಖಲೆಗಳನ್ನು ಸೇರಿಸಿ ಸೆಕೆಂಡಿಗೆ ಎಷ್ಟು ವಿನಂತಿ ಹೋಗಿದೆ ಎಂದು ಎಣಿಸಿದಾಗ ಸಾಲು ಹೀಗೆ ಬಂತು: 4, 0, 4, 0, 4, 0. ಸರಾಸರಿ ತೆಗೆದರೆ ಸೆಕೆಂಡಿಗೆ ಎರಡು. ಸರ್ವರ್ ಅನುಭವಿಸಿದ್ದು ಮಾತ್ರ ನಾಲ್ಕರ ಹೊಡೆತ, ಆಮೇಲೆ ಖಾಲಿ, ಮತ್ತೆ ನಾಲ್ಕರ ಹೊಡೆತ.

ಬೇರೆ ಬೇರೆ ಹೊತ್ತಿನಲ್ಲಿ ಆರಂಭಿಸಿದರೆ ಸಾಕಲ್ಲವೇ ಎಂದು ಕೇಳಬಹುದು. ಹಳೆಯ ಮಾದರಿಯ ಪ್ರೋಗ್ರಾಮಿಗೆ ಅದು ಸಾಲದು. ಸರ್ವರ್ ಐದು ಸೆಕೆಂಡು ತಡವರಿಸಿತು ಎಂದುಕೊಳ್ಳಿ. ಆ ಐದು ಸೆಕೆಂಡಿನೊಳಗೆ ನಾಲ್ಕೂ ಕ್ರಾಲರ್‌ಗಳು ಒಂದೊಂದಾಗಿ ಬಂದು ಉತ್ತರಕ್ಕಾಗಿ ಕಾಯುತ್ತಾ ನಿಲ್ಲುತ್ತವೆ, ಸರ್ವರ್ ಚೇತರಿಸಿಕೊಂಡಾಗ ನಾಲ್ಕಕ್ಕೂ ಹೆಚ್ಚುಕಡಿಮೆ ಒಟ್ಟಿಗೇ ಉತ್ತರ ಸಿಗುತ್ತದೆ, ಮತ್ತು ನಾಲ್ಕೂ ಆ ಕ್ಷಣದಿಂದ ಎರಡು ಸೆಕೆಂಡು ಎಣಿಸತೊಡಗುತ್ತವೆ. ಚದುರಿದ್ದವರು ಅಲ್ಲಿಂದ ಮುಂದೆ ಹೆಜ್ಜೆ ಕೂಡಿಸಿ ನಡೆಯುತ್ತಾರೆ. ಜಾಲದ ರೌಟರ್‌ಗಳಲ್ಲಿ ನಡೆಯುವ ಇದರ ಸೋದರ ಸಂಗತಿಯೊಂದನ್ನು ಸ್ಯಾಲಿ ಫ್ಲಾಯ್ಡ್ ಮತ್ತು ವ್ಯಾನ್ ಜೇಕಬ್ಸನ್ 1994ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ತೋರಿಸಿದ್ದಾರೆ. ರೌಟರ್‌ಗಳು ನಿಗದಿತ ಅವಧಿಗೊಮ್ಮೆ ತಮ್ಮಷ್ಟಕ್ಕೆ ಕಳುಹಿಸುವ ಸಂದೇಶಗಳು ಯಾರೂ ಹೇಳದೆಯೇ ಕಾಲಕ್ರಮದಲ್ಲಿ ಒಂದೇ ತಾಳಕ್ಕೆ ಬಂದುಬಿಡುತ್ತವೆ, ಮತ್ತು ಅದನ್ನು ಒಡೆಯಲು ಅವಧಿಯಲ್ಲಿ ಸಾಕಷ್ಟು ಯಾದೃಚ್ಛಿಕತೆ ಬೇಕು ಎಂಬುದು ಅವರು ಕಂಡುಕೊಂಡದ್ದು. ಸಾಕಷ್ಟು ಎಂಬ ಮಾತು ಗಮನಾರ್ಹ. ಎಂಟು ಸೆಕೆಂಡಿನ ಅಂತರಕ್ಕೆ ಹತ್ತನೇ ಒಂದು ಸೆಕೆಂಡಿನ ಜಿಟರ್ ಹಾಕಿದರೆ ಎಲ್ಲರೂ ಹತ್ತನೇ ಒಂದು ಸೆಕೆಂಡಿನೊಳಗೆ ಒಟ್ಟಿಗೇ ಬರುತ್ತಾರೆ, ಅಷ್ಟೇ.

ಹಾಗಾದರೆ ಜಿಟರನ್ನು ಎಲ್ಲಿ ಸೇರಿಸಬೇಕು? ನನ್ನ ಮಟ್ಟಿಗೆ ಇಡೀ ವಿಷಯದ ಕೀಲು ಇಲ್ಲಿದೆ. sleep(2) ಇದ್ದ ಜಾಗದಲ್ಲಿ ಎರಡರಿಂದ ಮೂರು ಸೆಕೆಂಡಿನವರೆಗೆ ಯಾವುದೋ ಒಂದು ಸಂಖ್ಯೆ ಎಂದು ಬದಲಿಸಿದರೆ, ಪ್ರತಿ ಸುತ್ತಿಗೂ ಸರಾಸರಿ ಅರ್ಧ ಸೆಕೆಂಡು ಕೂಡುತ್ತಾ ಹೋಗಿ, 14,400 ಪುಟಗಳಲ್ಲಿ ಎರಡು ಗಂಟೆ ಹೆಚ್ಚಾಗುತ್ತದೆ. wget ಉಪಕರಣದ --random-wait ಆಯ್ಕೆಯಂತೆ, ಹೇಳಿದ ಅಂತರದ ಅರ್ಧದಿಂದ ಒಂದೂವರೆ ಪಟ್ಟಿನವರೆಗೆ ಬದಲಿಸಿದರೆ ಸರಾಸರಿ ಎರಡೇ ಉಳಿಯುತ್ತದೆ, ಆದರೆ ಪುಟ ಬರುವ ಹೊತ್ತು ಅದರ ಮೇಲೆ ಕೂಡುವುದು ತಪ್ಪುವುದಿಲ್ಲ. ಟೋಕನ್ ಬಕೆಟ್ ಇದ್ದಾಗ ಜಿಟರನ್ನು ಟೋಕನ್ ಕಾಯ್ದಿರಿಸಿದ ನಂತರ ಸೇರಿಸಬೇಕು:

```python
wait = bucket.reserve()
time.sleep(wait + random.uniform(0, 0.5 / bucket.rate))
page = fetch(url)
```

ದರ 0.5 ಆಗಿರುವಾಗ ಜಿಟರ್ ಸೊನ್ನೆಯಿಂದ ಒಂದು ಸೆಕೆಂಡು. ಒಂದು ಸುತ್ತನ್ನು ಹತ್ತಿರದಿಂದ ನೋಡೋಣ. ಟೋಕನ್ ಹತ್ತನೇ ಸೆಕೆಂಡಿಗೆ ಸಿಕ್ಕಿತು, ಜಿಟರ್ 0.8 ಬಂತು, ವಿನಂತಿ 10.8ಕ್ಕೆ ಹೊರಟಿತು, ಪುಟ ಬಂದು ಉಳಿಸುವಷ್ಟರಲ್ಲಿ ಇನ್ನೂ 0.9 ಸೆಕೆಂಡು ಕಳೆದು 11.7 ಆಯಿತು. ಈ 1.7 ಸೆಕೆಂಡಿನಲ್ಲಿ ತೊಟ್ಟಿಗೆ ನೀರು ಬೀಳುತ್ತಲೇ ಇತ್ತು, ಆದ್ದರಿಂದ ಮುಂದಿನ ಟೋಕನ್‌ಗೆ ಕಾಯಬೇಕಾದದ್ದು 0.3 ಸೆಕೆಂಡು ಮಾತ್ರ, ಅದು ಹನ್ನೆರಡಕ್ಕೆ ಸಿಗುತ್ತದೆ. ಈ ಬಾರಿ ಜಿಟರ್ 0.1 ಬಂದರೆ ವಿನಂತಿ 12.1ಕ್ಕೆ ಹೊರಡುತ್ತದೆ. ಎರಡು ವಿನಂತಿಗಳ ಅಂತರ 1.3 ಸೆಕೆಂಡಾಯಿತು, ಮುಂದಿನದು 2.6 ಆಗಬಹುದು. ಅಂತರಗಳು ಒಂದರಿಂದ ಮೂರು ಸೆಕೆಂಡಿನ ನಡುವೆ ಏರಿಳಿಯುತ್ತವೆ, ಟೋಕನ್‌ಗಳು ಮಾತ್ರ ಹತ್ತು, ಹನ್ನೆರಡು, ಹದಿನಾಲ್ಕಕ್ಕೆ ತಪ್ಪದೆ ಬರುತ್ತವೆ. ಜಿಟರ್ ಒಂದರ ಮೇಲೊಂದು ಪೇರಿಸಿಕೊಳ್ಳುವುದಿಲ್ಲ. ಎಂಟು ಗಂಟೆಯ ಕೆಲಸ ಎಂಟು ಗಂಟೆಯಲ್ಲೇ ಮುಗಿಯುತ್ತದೆ.

ತೊಟ್ಟಿಯ ಗಾತ್ರ ಒಂದೇ ಇದ್ದರೆ ಇದು ಪೂರ್ತಿ ನಿಲ್ಲುವುದಿಲ್ಲ. ಒಂದು ಪುಟಕ್ಕೆ ಜಿಟರ್ ಸೇರಿ ಮೂರೂವರೆ ಸೆಕೆಂಡು ಹಿಡಿಯಿತೆಂದರೆ, ಆ ಹೊತ್ತಿನಲ್ಲಿ ಬಿದ್ದದ್ದು 1.75 ಟೋಕನ್, ತೊಟ್ಟಿ ಹಿಡಿಯುವುದು ಒಂದನ್ನು, ಉಳಿದ ಮುಕ್ಕಾಲು ಹರಿದುಹೋಯಿತು, ಅಂದರೆ ಒಂದೂವರೆ ಸೆಕೆಂಡು ಕೈತಪ್ಪಿತು. ಗಾತ್ರ ಮೂರಿದ್ದರೆ ಆ ಮುಕ್ಕಾಲು ಉಳಿದು ಮುಂದಿನ ಸುತ್ತಿನ ಕಾಯುವಿಕೆ ಕಡಿಮೆಯಾಗುತ್ತದೆ. ಹೀಗೆ ನೋಡಿದರೆ ಗಾತ್ರವೆನ್ನುವುದು ಏರಿಳಿತವನ್ನು ನುಂಗಿಕೊಳ್ಳುವಷ್ಟಿರಬೇಕು. ನಮ್ಮಂಥ ಕೆಲಸಕ್ಕೆ ಎರಡೋ ಮೂರೋ ಸಾಕು, ಹತ್ತು ಬೇಡ.

ಆದರೆ ಇಲ್ಲೊಂದು ಅಪಾಯ ಅಡಗಿದೆ, ಅದನ್ನು ನಾನು ತಡವಾಗಿ ಕಂಡುಕೊಂಡೆ. ತೊಟ್ಟಿ ತುಂಬುವುದು ನಾವು ಸುಮ್ಮನಿದ್ದಾಗ. ನಾವು ಸುಮ್ಮನಿರುವುದು ಎರಡು ಕಾರಣಕ್ಕೆ: ನಮ್ಮ ಕಡೆ ಕೆಲಸ ಹೆಚ್ಚಾಗಿದ್ದರಿಂದ, ಅಥವಾ ಸರ್ವರ್ ಉತ್ತರ ಕೊಡಲಾರದೆ ಒದ್ದಾಡುತ್ತಿದ್ದರಿಂದ. ಬಕೆಟ್‌ಗೆ ಈ ವ್ಯತ್ಯಾಸ ಗೊತ್ತಾಗುವುದಿಲ್ಲ. ಸರ್ವರ್ ಒಂದು ಪುಟಕ್ಕೆ ಎಂಟು ಸೆಕೆಂಡು ತೆಗೆದುಕೊಂಡರೆ, ಅಷ್ಟರಲ್ಲಿ ತೊಟ್ಟಿ ತುಂಬಿ ಮೂರು ಟೋಕನ್ ಕೂಡಿಕೊಂಡಿರುತ್ತವೆ, ಮತ್ತು ಸರ್ವರ್ ಉಸಿರು ತೆಗೆದುಕೊಳ್ಳುವ ಹೊತ್ತಿಗೆ ಸರಿಯಾಗಿ ನಾವು ಮೂರು ವಿನಂತಿಗಳನ್ನು ಬೆನ್ನುಬೆನ್ನಿಗೆ ಕಳುಹಿಸುತ್ತೇವೆ. ಪರಿಹಾರ ಸರಳ: ಉತ್ತರಕ್ಕೆ ಎರಡು ಸೆಕೆಂಡಿಗಿಂತ ಹೆಚ್ಚು ಹಿಡಿದಿದ್ದರೆ, ಆ ವಿನಂತಿ ಮುಗಿದ ಕೂಡಲೇ ಬೀಗ ಹಿಡಿದು tokens ಅನ್ನು ಸೊನ್ನೆಗೆ ಇಳಿಸಿ, last ಅನ್ನು ಆ ಕ್ಷಣಕ್ಕೆ ತಂದು ಬಿಡಬೇಕು. ಎರಡನ್ನೂ ಮಾಡಬೇಕು, last ಹಳೆಯದಾಗಿಯೇ ಉಳಿದರೆ ಮುಂದಿನ reserve() ಆ ಎಂಟು ಸೆಕೆಂಡನ್ನು ಮತ್ತೆ ಎಣಿಸಿ ತೊಟ್ಟಿಯನ್ನು ತುಂಬಿಬಿಡುತ್ತದೆ. ಇದರಿಂದ ಕೆಲವು ಸೆಕೆಂಡು ನಷ್ಟವಾಗುತ್ತದೆ. ಆ ನಿಧಾನ ಅವಶ್ಯಕವಾದದ್ದು, ಅದನ್ನು ಉಳಿಸಲು ಹೋಗಬಾರದು.

ಸರ್ವರ್ ಬಾಯಿಬಿಟ್ಟು ಹೇಳಿದಾಗ ಇನ್ನೂ ಎಚ್ಚರ ಬೇಕು. ಹೆಚ್ಚು ಕೇಳುತ್ತಿದ್ದೀರಿ ಎನ್ನುವ 429, ಸದ್ಯಕ್ಕೆ ಆಗುವುದಿಲ್ಲ ಎನ್ನುವ 503, ಎರಡರ ಜೊತೆಗೂ Retry-After ಎಂಬ ಸಾಲು ಬರಬಹುದು. ಅದರಲ್ಲಿ ಸೆಕೆಂಡುಗಳ ಸಂಖ್ಯೆ ಇರಬಹುದು, ಇಲ್ಲವೇ ದಿನಾಂಕ ಮತ್ತು ಸಮಯ ಇರಬಹುದು, ಎರಡನ್ನೂ ಓದಲು ಪ್ರೋಗ್ರಾಮಿಗೆ ಬರಬೇಕು. ಅಲ್ಲಿ 30 ಎಂದಿದ್ದರೆ ಜಿಟರ್ ಮೂವತ್ತರ ಮೇಲಕ್ಕೆ ಮಾತ್ರ ಸೇರಬೇಕು. ಅರ್ಧದಿಂದ ಒಂದೂವರೆ ಪಟ್ಟು ಎಂಬ ಸೂತ್ರವನ್ನು ಇಲ್ಲಿ ತಂದರೆ ಹದಿನೈದನೇ ಸೆಕೆಂಡಿಗೇ ಹೋಗಿ ಬಾಗಿಲು ತಟ್ಟಿದಂತಾಗುತ್ತದೆ. ಜಿಟರನ್ನೇ ಬಿಟ್ಟರೆ, 30 ಎಂಬ ಉತ್ತರ ಪಡೆದ ಎಲ್ಲರೂ ಮೂವತ್ತೊಂದನೇ ಸೆಕೆಂಡಿಗೆ ಒಟ್ಟಿಗೇ ನುಗ್ಗುತ್ತಾರೆ. ಜೊತೆಗೆ ನಾವು ದರವನ್ನು ಅರ್ಧಕ್ಕೆ ಇಳಿಸುತ್ತೇವೆ, 0.5 ಇದ್ದದ್ದು 0.25 ಆಗುತ್ತದೆ, ಮತ್ತು ತೊಂದರೆಯಿಲ್ಲದೆ ಐವತ್ತು ಪುಟ ಬಂದಾಗಲೊಮ್ಮೆ 0.05ರಷ್ಟು ಏರಿಸುತ್ತೇವೆ. 250 ಪುಟಗಳಾಗುವಷ್ಟರಲ್ಲಿ ಮೊದಲಿನ ದರಕ್ಕೆ ಮರಳಿರುತ್ತೇವೆ. ಇಳಿಯುವುದು ಥಟ್ಟನೆ, ಏರುವುದು ಮೆಲ್ಲನೆ.

ನಾಲ್ಕು ಊರುಗಳ ಪ್ರಸಂಗದಲ್ಲಿ ನಾವು ಮಾಡಿದ ಇನ್ನೊಂದು ತಪ್ಪನ್ನು ಇಲ್ಲಿಯೇ ಹೇಳಬೇಕು. ಜಿಟರ್ ಹಾಕಿದ ಮೇಲೆ 4, 0, 4, 0 ಎಂಬ ಸಾಲು ಚದುರಿ 2, 1, 3, 2 ಎಂಬಂತಾಯಿತು, ಎಲ್ಲರಿಗೂ ಸಂತೋಷವಾಯಿತು. ಆದರೆ ಮೊತ್ತ ಹಾಗೇ ಇತ್ತು. ಸರ್ವರಿನಿಂದ ಎರಡು ಸೆಕೆಂಡಿಗೆ ಒಂದು ಪುಟವೆಂದು ನಾವೇ ನಿಶ್ಚಯಿಸಿದ್ದೆವು. ನಾಲ್ಕು ಯಂತ್ರಗಳು ತಲಾ ಎರಡು ಸೆಕೆಂಡಿಗೆ ಒಂದರಂತೆ ಕೇಳಿ ಅದನ್ನು ನಾಲ್ಕು ಪಟ್ಟು ಮಾಡಿದ್ದವು. ಜಿಟರ್ ಭಾರವನ್ನು ಹರಡುತ್ತದೆ, ಕಡಿಮೆ ಮಾಡುವುದಿಲ್ಲ. ಬಕೆಟ್ ಇರಬೇಕಾದದ್ದು ಸರ್ವರಿಗೊಂದು, ಯಂತ್ರಕ್ಕೊಂದಲ್ಲ. ಒಂದೇ ಯಂತ್ರದ ಹಲವು ಪ್ರೋಸೆಸ್‌ಗಳಾದರೆ ರೆಡಿಸ್‌ನಂಥ ಕಡೆ ಒಂದೇ ಬಕೆಟ್ ಇಟ್ಟು ಹಂಚಿಕೊಳ್ಳಬಹುದು. ಬೇರೆ ಬೇರೆ ಊರಿನವರಾದರೆ ದರವನ್ನೇ ಪಾಲು ಮಾಡಿಕೊಳ್ಳುವುದು ಸುಲಭ. ನಾವು ತಲಾ 0.125 ಇಟ್ಟುಕೊಂಡೆವು, ಎಂಟು ಸೆಕೆಂಡಿಗೆ ಒಂದು. 3,600 ಪುಟಕ್ಕೆ ಎಂಟೆಂಟು ಸೆಕೆಂಡೆಂದರೆ ಮತ್ತೆ ಅದೇ ಎಂಟು ಗಂಟೆ. ಜಿಟರ್ ಅಂತರದ ಅರ್ಧವಾದ್ದರಿಂದ ಅದು ತಾನಾಗಿ ನಾಲ್ಕು ಸೆಕೆಂಡಿಗೆ ಹಿಗ್ಗಿತು, ಮತ್ತು ಹತ್ತು ಗಂಟೆಗೆ ಎದ್ದ ಕೂಡಲೇ ಕಾಲು ಗಂಟೆಯೊಳಗಿನ ಯಾವುದೋ ಒಂದು ಹೊತ್ತು ಕಾಯುವಂತೆ ಆರಂಭದಲ್ಲೂ ಒಂದು ಜಿಟರ್ ಸೇರಿಸಿದೆವು. ಜಾಲತಾಣಗಳ ಹೆಸರು ಬೇರೆಯಾಗಿದ್ದರೂ ಹಿಂದಿನ ಯಂತ್ರ ಒಂದೇ ಇರುವುದುಂಟು. ಉಪಹೆಸರುಗಳು ಒಂದೇ ಐಪಿ ವಿಳಾಸಕ್ಕೆ ಹೋಗುತ್ತಿದ್ದರೆ ಅವೆಲ್ಲಕ್ಕೂ ಒಂದೇ ಬಕೆಟ್ ಇಡಬೇಕು.

ಉಪನ್ಯಾಸದ ಕೊನೆಯಲ್ಲಿ ಕಡೂರಿನ ಗೆಳೆಯರೊಬ್ಬರು ಕೇಳಿದ ಪ್ರಶ್ನೆ ಬಹಳ ಸರಿಯಾದದ್ದು. "ಸಾರ್, robots.txt ಕಡತದಲ್ಲೇ Crawl-delay: 2 ಅಂತ ಬರೆದಿದ್ದರೆ? ನಿಮ್ಮ ಲೆಕ್ಕದಲ್ಲಿ ಕೆಲವು ಅಂತರ 1.3 ಸೆಕೆಂಡಿಗೆ ಇಳಿಯುತ್ತದಲ್ಲ?" ಇಳಿಯುತ್ತದೆ, ಮತ್ತು ಆಗ ಹಾಗಾಗಲು ಬಿಡಬಾರದು. Crawl-delay ಎಂಬುದು 2022ರ ಆರ್‌ಎಫ್‌ಸಿ 9309 ನಿಯಮಾವಳಿಯಲ್ಲಿ ಇಲ್ಲ, ಗೂಗಲ್ ಅದನ್ನು ಲೆಕ್ಕಿಸುವುದಿಲ್ಲ, ಬಿಂಗ್ ಲೆಕ್ಕಿಸುತ್ತದೆ. ಆದರೂ ಅದನ್ನು ಬರೆದವರು ಏನು ಬಯಸಿದ್ದಾರೆಂಬುದು ಸ್ಪಷ್ಟವಾಗಿರುವಾಗ ನಾವು ಪಾಲಿಸಬೇಕೆಂಬುದು ನನ್ನ ಅಭಿಪ್ರಾಯ, ಪೈಥಾನ್‌ನ urllib.robotparser ಒಳಗಿನ crawl_delay() ಅದನ್ನು ಓದಿ ಕೊಡುತ್ತದೆ. ಅಲ್ಲಿ ಎರಡು ಸೆಕೆಂಡೆನ್ನುವುದು ಸರಾಸರಿಯಲ್ಲ, ಕನಿಷ್ಠ ಅಂತರ. ಆದ್ದರಿಂದ ಅಂಥ ತಾಣಗಳಿಗೆ ನಾವು ಬಕೆಟನ್ನು ಬದಿಗಿಟ್ಟು, ಹಿಂದಿನ ವಿನಂತಿ ನಿಜವಾಗಿ ಹೊರಟ ಕ್ಷಣದಿಂದ ಎರಡು ಸೆಕೆಂಡು ಎಣಿಸಿ, ಅದರ ಮೇಲೆ ಸೊನ್ನೆಯಿಂದ 0.2 ಸೆಕೆಂಡಿನವರೆಗಿನ ಜಿಟರನ್ನು ಸೇರಿಸುತ್ತೇವೆ. ಈ ಬಗೆಯಲ್ಲಿ ಜಿಟರ್ ಪೇರಿಸಿಕೊಳ್ಳುವುದರಿಂದ ಅಷ್ಟು ಚಿಕ್ಕದಾದರೂ ಸಾಕಾಗುತ್ತದೆ: ನೂರು ಸುತ್ತುಗಳಾಗುವಷ್ಟರಲ್ಲಿ ಎರಡು ಯಂತ್ರಗಳ ಹೆಜ್ಜೆಗಳು ಸಾಮಾನ್ಯವಾಗಿ ಸುಮಾರು ಮುಕ್ಕಾಲು ಸೆಕೆಂಡಿನಷ್ಟು ದೂರ ಸರಿದಿರುತ್ತವೆ. ಪುಟಕ್ಕೆ ಸರಾಸರಿ 0.1 ಸೆಕೆಂಡಿನಂತೆ 14,400 ಪುಟಗಳಿಗೆ ಹೆಚ್ಚಾಗುವುದು 24 ನಿಮಿಷ. ಆರು ಗಂಟೆಗೆ ಮುಗಿಯಬೇಕಾದದ್ದು ಆರೂವರೆಯೊಳಗೆ ಮುಗಿಯುತ್ತದೆ. ಮರುದಿನ ಅವರೇ ತಮ್ಮ ಯಂತ್ರದಲ್ಲಿ ಅದನ್ನು ಓಡಿಸಿ ದಾಖಲೆ ಕಳುಹಿಸಿದರು. ಅದರಲ್ಲಿ ಅತಿ ಚಿಕ್ಕ ಅಂತರ 2.00, ಅತಿ ದೊಡ್ಡದು ಸರ್ವರ್ ತಡಮಾಡಿದ ಒಂದು ಪುಟದ್ದು, ಕೊನೆಯ ಸಾಲಿನ ಸಮಯ ಬೆಳಗಿನ 6:27.